ಷಡ್ಜ, ರಿಷಭ, ಶಾರ್ಕ್

ಹಾರ್ಮೋನಿಯಂನಲ್ಲಿ ನನ್ನ ವಿದ್ಯೆ ಸರಳೆ ವರಸೆಯಿಂದ ಮುಂದೆ ಹೋಗಲಿಲ್ಲ. ಆದರೂ ಸಿನಿಮಾ ನೋಡಿದ ರಾತ್ರಿ ಅದರ ಮುಂದೆ ಕೂತು, ಕಿವಿಯಲ್ಲಿ ಉಳಿದ ಹಿನ್ನೆಲೆ ಸಂಗೀತವನ್ನು ಮನೆಗಳ ಮೇಲೆ ತಡಕಾಡುವ ಚಟ ಬಿಟ್ಟಿಲ್ಲ. ಅರೆ ನಿಮಿಷದಲ್ಲಿ ಸಿಕ್ಕಿದ್ದು ಒಂದೇ: 1975ರ ಶಾರ್ಕ್ ಸಿನಿಮಾ ‘ಜಾಸ್’. ಷಡ್ಜ, ಪಕ್ಕದ ಶುದ್ಧ ರಿಷಭ. ಮತ್ತೆ ಷಡ್ಜ, ಮತ್ತೆ ರಿಷಭ. ಅಷ್ಟೆ. ಜಾನ್ ವಿಲಿಯಮ್ಸ್ ಇದನ್ನು ಪಿಯಾನೋದಲ್ಲಿ ಕೇಳಿಸಿದಾಗ ನಿರ್ದೇಶಕ ಸ್ಪೀಲ್‌ಬರ್ಗ್ ತಮಾಷೆಯೆಂದುಕೊಂಡು ನಕ್ಕಿದ್ದರಂತೆ.

ಒಂದು ಪಾತ್ರಕ್ಕೋ ವಸ್ತುವಿಗೋ ಒಂದು ತುಣುಕು ಸ್ವರವನ್ನು ಅಂಟಿಸಿ, ಅದನ್ನೇ ಮರಳಿ ಮರಳಿ ತರುವುದಕ್ಕೆ ಲೀಟ್‌ಮೋಟಿಫ್ ಅನ್ನುತ್ತಾರೆ; ವಾಗ್ನರನ ಆಪೆರಾಗಳಿಂದ ಬೆಳೆದ ಪದ್ಧತಿ. ತುಣುಕು ಚಿಕ್ಕದಾದಷ್ಟೂ ಅದನ್ನು ಎಳೆಯುವುದು ಸುಲಭ. ಈ ಎರಡು ಸ್ವರ ನಿಧಾನವಾಗಿ, ನಡುವೆ ಮೌನ ಬಿಟ್ಟು ಬಂದರೆ ಶಾರ್ಕ್ ಇನ್ನೂ ದೂರವಿದೆ. ಲಯ ಬಿಗಿಯಾಗಿ ಸದ್ದು ಏರಿದರೆ ಕಾಲ ಕೆಳಗೇ ಇದೆ. ಚಿತ್ರಕ್ಕೆಂದು ಮಾಡಿದ ಯಂತ್ರದ ಶಾರ್ಕ್ ಉಪ್ಪುನೀರಿನಲ್ಲಿ ಪದೇ ಪದೇ ಕೆಟ್ಟಿತು. ಹಾಗಾಗಿ ಬಹಳ ಹೊತ್ತು ಪರದೆಯ ಮೇಲೆ ಶಾರ್ಕಿನ ಪಾತ್ರ ವಹಿಸಿದ್ದು ಈ ಸ್ವರಗಳೇ. ಶೀರ್ಷಿಕೆಯ ಹೊತ್ತಿಗೇ ಕ್ಯಾಮೆರಾ ಕಡಲಾಳದಲ್ಲಿ ಸಾಗುವಾಗ ನಮ್ಮ ಕಿವಿಗೆ ಪಾಠ ಆಗಿಬಿಡುತ್ತದೆ.

ಪಾಠ ಕಲಿಸಿದ ಮೇಲೆ ವಿಲಿಯಮ್ಸ್ ಆಡುವ ಆಟವೇ ನನಗೆ ಇಷ್ಟ. ಜುಲೈ 4ರ ರಜೆಯ ದಿನ ನೀರಿನ ಮೇಲೆ ಈಜುರೆಕ್ಕೆ ಕಾಣುತ್ತದೆ, ಜನ ಬಿದ್ದು ಎದ್ದು ಓಡುತ್ತಾರೆ. ಸ್ವರ ಮಾತ್ರ ಇಲ್ಲ. ಅದು ಇಬ್ಬರು ಹುಡುಗರ ರಟ್ಟಿನ ಕಿತಾಪತಿ. ಸಂಗೀತ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗುತ್ತದೆ. (ನಮ್ಮ ಧಾರಾವಾಹಿಗಳಲ್ಲಿ ಅತ್ತೆ ಕಾಫಿ ಲೋಟ ಇಟ್ಟರೂ ಅದೇ ಢಾಂ ಢಾಂ, ಆ ಸದ್ದನ್ನು ಈಗ ಯಾರೂ ನಂಬುವುದಿಲ್ಲ.)

ಹೋದ ತಿಂಗಳು ಮಗಳಿಗೆ ಈ ಚಿತ್ರ ಹಾಕಿದ್ದೆ. ಅಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದಳು. ಟೀವಿ ಕಾಣದು, ಕೇಳಿಸುತ್ತದೆ. ಸ್ವರ ಬಂದಾಗಲೆಲ್ಲ “ಬಂತೇನೋ ಅದು?” ಅನ್ನುವಳು. ರಟ್ಟಿನ ರೆಕ್ಕೆಯ ಹೊತ್ತಿಗೆ ಮಗಳು ದಿಂಬು ಅಪ್ಪಿಕೊಂಡರೂ ಅಮ್ಮ ಸುಮ್ಮನಿದ್ದಳು.

ಆಮೇಲೆ ದೋಣಿಯ ದೃಶ್ಯ. ಪೊಲೀಸ್ ಅಧಿಕಾರಿ ಬ್ರೋಡಿ ಗೊಣಗುತ್ತ, ಶಾರ್ಕನ್ನು ಸೆಳೆಯಲು ಮೀನಿನ ಚೂರುಗಳನ್ನು ನೀರಿಗೆ ಎರಚುತ್ತಿದ್ದಾನೆ. ಷಡ್ಜವಿಲ್ಲ, ರಿಷಭವಿಲ್ಲ. ಅವನ ಬೆನ್ನ ಹಿಂದೆ ಭಾರೀ ತಲೆಯೊಂದು ಬಾಯಿ ತೆರೆದು ಏಳುತ್ತದೆ. ಮಗಳು ಕಿಟಾರನೆ ಕಿರುಚಿದಳು.

ಅಮ್ಮ ಕೈಯಲ್ಲಿ ಹುರುಳಿಕಾಯಿ ಹಿಡಿದೇ ಓಡಿ ಬಂದಳು. “ಯಾಕೆ ಕೂಗಿದ್ಲೋ ಮಗು? ಅದು ಬರೋ ಸದ್ದೇ ಆಗ್ಲಿಲ್ವಲ್ಲ!”