ಕಾಂಕ್ರೀಟ್ ಹಾಕುವ ಮುಂಚಿನ ಫೋಟೋ

ಗೆಳೆಯನೊಬ್ಬ ಆರ್ಕಿಟೆಕ್ಟ್. ನಾಲ್ಕೇ ಜನರ ಆಫೀಸು. ಅವನ ವೆಬ್‌ಸೈಟಿನಲ್ಲಿ ಚೆಂದದ ಫೋಟೋಗಳಿಗೇನೂ ಕಮ್ಮಿಯಿಲ್ಲ: ಸಂಜೆ ಬಿಸಿಲಲ್ಲಿ ಮಿಂಚೋ ಗೋಡೆ, ಯಾರೂ ಕೂತಿರದ ಸೋಫಾ, ಪಕ್ಕದಲ್ಲೊಂದು ಗಿಡ. ಅದನ್ನೆಲ್ಲ ನೋಡಿ ಫೋನ್ ಮಾಡಿದವರು ಕೇಳ್ತಿದ್ದದ್ದು ಮಾತ್ರ ಒಂದೇ, “ಸ್ಕ್ವೇರ್ ಫೀಟಿಗೆ ಎಷ್ಟು ಸಾರ್?” ಮೇಸ್ತ್ರಿಗೂ ಇವನಿಗೂ ಏನು ವ್ಯತ್ಯಾಸ ಅಂತ ಆ ಫೋಟೋಗಳು ಹೇಳ್ತಿರಲಿಲ್ಲ. “ಒಂದು ಮನೆಯ ಕೇಸ್ ಸ್ಟಡಿ ಬರ್ಕೊಡೋ” ಅಂದ.

ಆರಿಸಿಕೊಂಡಿದ್ದು 30-40 ಸೈಟಿನ ಒಂದು ಮನೆ. ಗೆಳೆಯನ ಕರಡು “ಬೆಳಕು ಮತ್ತು ಅವಕಾಶಗಳ ಸಂವಾದ” ಅಂತ ಶುರುವಾಗಿತ್ತು. ಅದನ್ನು ತೆಗೆದು ಮನೆಯವರು ಮೊದಲ ದಿನ ಹೇಳಿದ ಮಾತನ್ನೇ ಹಾಕಿದೆ: ಬಾಡಿಗೆ ಮನೆಯ ಮೇಲಿನ ಮಹಡಿಯಲ್ಲಿ ಏಪ್ರಿಲ್ ಬಂದರೆ ಮಲಗೋಕಾಗಲ್ಲ, ಸ್ವಂತ ಮನೆಯಲ್ಲಿ ಹಾಗಾಗಬಾರದು, ಎಸಿಯೂ ಬೇಡ.

ಅದಕ್ಕೆ ಇವನು ಕೊಟ್ಟ ಉತ್ತರ ಫಿಲ್ಲರ್ ಸ್ಲ್ಯಾಬ್. ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ ವಿಧಾನ. ತಾರಸಿ ಭಾರಕ್ಕೆ ಬಾಗುವಾಗ ಅದರ ಕೆಳಭಾಗ ಹಿಗ್ಗುತ್ತದೆ. ಆ ಎಳೆತವನ್ನು ತಡೆಯೋದು ಕಬ್ಬಿಣ. ಅಲ್ಲಿರೋ ಕಾಂಕ್ರೀಟಿಗೆ ಅಷ್ಟು ಕೆಲಸವಿಲ್ಲ. ಹಾಗಾಗಿ ಸರಳುಗಳ ನಡುವೆ ಒಂದಷ್ಟು ಕಾಂಕ್ರೀಟಿನ ಬದಲು ಮಂಗಳೂರು ಹೆಂಚು ಇಡ್ತಾರೆ. ಎರಡು ಹೆಂಚು ಮುಖಾಮುಖಿ ಇಟ್ಟರೆ ಮಧ್ಯೆ ಸಿಕ್ಕಿಬಿದ್ದ ಗಾಳಿ ಬಿಸಿಲಿನ ಕಾವನ್ನೂ ಸ್ವಲ್ಪ ತಡೆಯುತ್ತದೆ.

ಇದನ್ನು ತೋರಿಸೋಕೆ ಬೇಕಾದ ಫೋಟೋ ಒಂದೇ ದಿನ ಸಿಗೋದು, ಹೆಂಚು ಜೋಡಿಸಿದ ಮೇಲೆ, ಕಾಂಕ್ರೀಟ್ ಸುರಿಯೋ ಮುಂಚೆ. ಆಮೇಲೆ ಕೆಳಗಿನಿಂದ ಹೆಂಚಿನ ಹೊಟ್ಟೆ ಕಾಣುತ್ತೆ, ಕೆಲಸ ಕಾಣಲ್ಲ. ದುಬಾರಿ ಫೋಟೋಗ್ರಾಫರ್ ಬಂದದ್ದು ಗೃಹಪ್ರವೇಶ ಆದಮೇಲೆ! ಕೊನೆಗೆ ಸೈಟ್ ಎಂಜಿನಿಯರ್ ಫೋನಿನಲ್ಲಿ ಒಂದು ಸಿಕ್ಕಿತು. ಸೊಟ್ಟಗೆ ತೆಗೆದದ್ದು, ಮೂಲೆಯಲ್ಲಿ ಯಾರದ್ದೋ ಹವಾಯಿ ಚಪ್ಪಲಿ. ಪುಟದ ನಡುಮಧ್ಯೆ ದೊಡ್ಡದಾಗಿ ಅದನ್ನೇ ಹಾಕಿದೆ. ಕೆಳಗೆ ಎರಡು ಸಾಲು: ಸರಳು ಎಲ್ಲಿದೆ, ಹೆಂಚು ಎಲ್ಲಿದೆ, ಕಾಂಕ್ರೀಟಿನ ನೀರು ಹೀರದಿರಲಿ ಅಂತ ಹೆಂಚನ್ನು ಮೊದಲೇ ಯಾಕೆ ನೆನೆಸಿದ್ದರು.

ಜಗಳ ಆಗಿದ್ದು ಫಲಿತಾಂಶದ ಭಾಗದಲ್ಲಿ. “ಶೇಕಡಾ ಇಷ್ಟು ತಂಪು ಅಂತ ಹಾಕೋ” ಅಂದ. ಯಾವುದಕ್ಕೆ ಹೋಲಿಸಿ? ಹೊಸ ಮನೆ, ಮುಂಚಿನ ಅಳತೆ ಅಂತ ಒಂದಿಲ್ಲ. ಈಗ ಥರ್ಮಾಮೀಟರ್ ಇಟ್ಟರೂ ಪಕ್ಕದ ಮನೆ ದಿಕ್ಕೇ ಬೇರೆ, ಕಿಟಕಿಯೇ ಬೇರೆ. ಲೆಕ್ಕ ಸಿಗೋದು ಸಿಮೆಂಟಿನದ್ದು. ಮಾಮೂಲಿ ಸ್ಲ್ಯಾಬಿಗೆ ಮಾಡಿದ್ದ ಎಸ್ಟಿಮೇಟೂ ಇತ್ತು, ತರಿಸಿದ ಮೂಟೆಗಳ ಬಿಲ್ಲೂ ಇತ್ತು. ಎರಡನ್ನೂ ಅಕ್ಕಪಕ್ಕ ಹಾಕಿದೆ. ಹೆಂಚು ಜೋಡಿಸೋಕೆ ಹೆಚ್ಚಿಗೆ ಹಿಡಿದ ಕೂಲಿ ಉಳಿತಾಯದಲ್ಲಿ ಒಂದು ಪಾಲು ತಿಂದಿತ್ತು, ಅದನ್ನೂ. “ಅದ್ಯಾಕೆ ಹೇಳ್ಬೇಕು?” ಅಂದ. ನೀನು ಹೇಳದಿದ್ರೆ ಅವರ ಮೇಸ್ತ್ರಿ ಹೇಳ್ತಾನೆ ಅಂದೆ. ತಂಪಿನ ಬಗ್ಗೆ ಅಂಕಿ ಹಾಕಲಿಲ್ಲ. ಮನೆಯವರನ್ನು ಕೇಳಿ, ಅವರ ಮಾತು ಅಂತಲೇ ಬರೆದೆ: ಮೊದಲ ಬೇಸಿಗೆ ಫ್ಯಾನಿನಲ್ಲೇ ಕಳೆಯಿತು.

ಮೊನ್ನೆ ಯಾರೋ ಫೋನ್ ಮಾಡಿ, “ಆ ಹೆಂಚಿನ ಸ್ಲ್ಯಾಬಿಗೆ ಕೂಲಿ ಎಷ್ಟು ಜಾಸ್ತಿ ಆಗುತ್ತೆ?” ಅಂತ ಕೇಳಿದರಂತೆ. ಗೆಳೆಯ ಮುಕ್ಕಾಲು ಗಂಟೆ ಮಾತಾಡಿದ್ದಾನೆ.