ಚಿಗವ್ವನ ಕೊಸರು

ಹೋದ ಸೆಮಿಸ್ಟರ್‌ನಲ್ಲಿ ಎರಡನೇ ಇಂಟರ್ನಲ್ಸ್ ನಡೀತಿದ್ದಾಗ ನನ್ನ ಫೋನಿಗೆ ಒಂದು ಫೋಟೋ ಬಂತು. ರಟ್ಟಿನ ಡಬ್ಬಿಯ ಒಂದು ಮೂಲೆ ಎಣ್ಣೆಯಲ್ಲಿ ನೆನೆದು ಕಪ್ಪಾಗಿತ್ತು. ಒಳಗೆ ನಮ್ಮ ಶೇಂಗಾ ಚಟ್ನಿಪುಡಿ ಚೆಲ್ಲಿತ್ತು. ಕೆಳಗೆ ಬೆಂಗಳೂರಿನ ಗಿರಾಕಿ ಬರೆದಿದ್ದರು: "ರುಚಿ ಚೆನ್ನಾಗಿದೆ. ಆದ್ರೆ ಇದನ್ನ ಪ್ಯಾಕ್ ಮಾಡಿದ್ದು ಯಾರು?"

ಯಾರು ಅಂತ ನನಗೆ ಗೊತ್ತಿತ್ತು. ನಮ್ಮ ಚಿಗವ್ವ. ಕನಿಷ್ಠ ಆವತ್ತು ಹಾಗಂದುಕೊಂಡಿದ್ದೆ.

ನಮ್ಮೂರು ಶ್ರೀರಾಮನಗರ. ಗಂಗಾವತಿಯಿಂದ ಕಾರಟಗಿ ಕಡೆ ಹೋಗುವ ರಸ್ತೆಯಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆ ನೀರು, ಭತ್ತದ ಗದ್ದೆ, ರೈಸ್ ಮಿಲ್, ಅರ್ಧ ಊರಿಗೆ ತೆಲುಗು ಮನೆಮಾತು. ನಮ್ಮವ್ವ ಮಾಡೋದು ಮಾತ್ರ ಪಕ್ಕಾ ನಮ್ಮ ಕಡೆಯ ಚಟ್ನಿ: ಶೇಂಗಾ, ಅಗಸಿ, ಗುರೆಳ್ಳು. ನಾನು ಪಿಯುಸಿಯಲ್ಲಿದ್ದಾಗ ಅದನ್ನ ಫೋನಿನಲ್ಲಿ ಆರ್ಡರ್ ತಗೊಂಡು ಕೊರಿಯರ್ ಮಾಡೋಕೆ ಶುರು ಮಾಡಿದ್ವಿ. ದಿನಕ್ಕೆ ಐದು ಪ್ಯಾಕೆಟ್ ಹೋದರೆ ಹಬ್ಬ. ಅವ್ವ ಕುಟ್ಟೋದು, ನಾನು ತೂಕ ಮಾಡಿ ಸೀಲ್ ಹಾಕೋದು. ಅಷ್ಟೇ ಕಂಪನಿ.

ನಾನು ಹಾಸ್ಟೆಲಿಗೆ ಬಂದ ಮೇಲೆ, ನನ್ನ ಅದೃಷ್ಟವೋ ಏನೋ, ಆರ್ಡರ್ ಬೆಳೆಯೋಕೆ ಶುರುವಾಯ್ತು. ಎರಡನೇ ವರ್ಷ ಬರುವಷ್ಟರಲ್ಲಿ ಒಂದೊಂದು ಸಂಜೆ ನಲವತ್ತು ಪ್ಯಾಕೆಟ್. ಹುರಿದು ಕುಟ್ಟುವ ಕೆಲಸವನ್ನ ಬೇರೆಯವರಿಗೆ ಬಿಟ್ಟರೆ ರುಚಿ ಬದಲಾಗ್ತದೆ ಅಂತ ಅವ್ವನ ಹಟ. ಹಾಗಾಗಿ ಬಿಟ್ಟುಕೊಡಬಹುದಾದ ಕೆಲಸ ಪ್ಯಾಕಿಂಗ್ ಒಂದೇ. ಕಾಕಾನ ಹೆಂಡತಿ, ಅಂದ್ರೆ ಚಿಗವ್ವ, ಮೂರನೇ ಮನೆಯಲ್ಲೇ ಇರ್ತಾಳೆ. "ಮನಿ ಕೆಲಸಕ್ಕ ಎಂಥಾ ರೊಕ್ಕ ಅಕ್ಕ" ಅಂತ ಬಂದು ಕೂತಳು.

ಹದಿನೈದು ದಿನ ಹಂಗೇ ನಡೀತು. ಆಮೇಲೆ ಒಂದು ದಿನ ಬರಲಿಲ್ಲ, ಮತ್ತೊಂದು ದಿನ ತಡ. ಪುಕ್ಕಟೆ ಬರೋರಿಗೆ ಯಾಕೆ ತಡ ಅಂತ ಕೇಳೋದು ಹೇಗೆ? ಅವ್ವ ನನಗೆ ಫೋನ್ ಮಾಡಿ ಗೊಣಗಿದಳು. ನಾನು ಹಾಸ್ಟೆಲಿನಲ್ಲಿ ಕೂತು ದೊಡ್ಡ ಮ್ಯಾನೇಜರ್ ಥರ ಹೇಳಿದೆ: "ಪ್ಯಾಕೆಟ್‌ಗೆ ಎರಡು ರೂಪಾಯಿ ಅಂತ ಕೊಡ್ರಿ. ಎಷ್ಟು ಮಾಡ್ತಾರೋ ಅಷ್ಟು." ಲೆಕ್ಕ ಸರಳ, ಯಾರಿಗೂ ಮುಜುಗರ ಇಲ್ಲ. ಚಿಗವ್ವ ದಿನಾ ಬರೋಕೆ ಶುರು ಮಾಡಿದಳು. ಎರಡು ತಾಸಿನ ಕೆಲಸ ಒಂದೂಕಾಲು ತಾಸಿಗೆ ಇಳೀತು. ನನ್ನ ಬುದ್ಧಿಗೆ ನಾನೇ ಖುಷಿಪಟ್ಟೆ.

ಮೂರು ವಾರಕ್ಕೆ ಆ ಫೋಟೋ ಬಂತು. ಅದರ ಹಿಂದೆ ಇನ್ನೂ ಮೂರು ಬಂದವು.

ನಾನು ಅವ್ವನಿಗೆ ಫಾರ್ವರ್ಡ್ ಮಾಡಿದೆ. ಅವ್ವ ಅದನ್ನ ಚಿಗವ್ವನ ಮುಂದೆ ಹಿಡಿದು ಏನಂದಳೋ ನನಗೆ ಪೂರ್ತಿ ಗೊತ್ತಿಲ್ಲ. ನೆಗೆಣ್ಣಿಯರ ನಡುವಿನ ಮಾತು, ಹದಿನೆಂಟು ವರ್ಷದ ಹಳೇ ಲೆಕ್ಕವೆಲ್ಲ ಅದರಲ್ಲಿ ಸೇರಿರ್ತದೆ. "ರೊಕ್ಕದ ಆಸೆಗೆ ಅವಸರ ಮಾಡೀ" ಅನ್ನೋ ಮಾತು ಬಂದಿದ್ದಂತೂ ಖರೆ. ಚಿಗವ್ವ ಕೈ ತೊಳ್ಕೊಂಡು ಎದ್ದು ಹೋದಳು. ನಾನು ಸಣ್ಣವನಿದ್ದಾಗ ಅವ್ವ ಗದ್ದೆಗೆ ಹೋದರೆ ನನಗೆ ಊಟ ಹಾಕ್ತಿದ್ದ ಕೈ ಅದು. ದಸರಾ ರಜೆಗೆ ಊರಿಗೆ ಹೋಗೋವರೆಗೂ ನನಗೆ ಸಮಾಧಾನ ಇರಲಿಲ್ಲ.

ಊರಿಗೆ ಹೋದವನೇ ಮೊದಲು ಮೂಲೆಯಲ್ಲಿದ್ದ ಇಪ್ಪತ್ತು ಪ್ಯಾಕೆಟ್ ತೆಗೆದುಕೊಂಡೆ, ಚಿಗವ್ವ ಕೊನೆಯ ದಿನ ಸೀಲ್ ಹಾಕಿಟ್ಟಿದ್ದವು. ಬಕೆಟ್ಟಿನ ನೀರಿನಲ್ಲಿ ಒಂದೊಂದನ್ನೇ ಮುಳುಗಿಸಿ ಮೆಲ್ಲಗೆ ಒತ್ತಿದರೆ, ಸೋರುವ ಸೀಲಿನಿಂದ ಗುಳ್ಳೆ ಏಳ್ತವೆ. ಇಪ್ಪತ್ತರಲ್ಲಿ ಆರರಲ್ಲಿ ಗುಳ್ಳೆ ಬಂತು. ಕಣ್ಣಿಗೆ ನೋಡಿದರೆ ಆರೂ ಚೆನ್ನಾಗೇ ಇದ್ದವು.

ಆಮೇಲೆ ತೂಕ ಹಾಕಿದೆ. ನಮ್ಮ ಖಾಲಿ ಪೌಚ್ 9 ಗ್ರಾಂ, ಚಟ್ನಿ 250, ಒಟ್ಟು 259 ಇರಬೇಕು. ಎಲ್ಲವೂ 270 ದಾಟಿದ್ದವು. ಸರಾಸರಿ ಹದಿನೈದು ಗ್ರಾಂ ಹೆಚ್ಚು. ನಲವತ್ತು ಪ್ಯಾಕೆಟ್ಟಿಗೆ 600 ಗ್ರಾಂ, ಅಂದ್ರೆ ದಿನಾ ಎರಡು ಪ್ಯಾಕೆಟ್ಟಿಗಿಂತ ಹೆಚ್ಚು ಚಟ್ನಿ ಪುಕ್ಕಟೆ ಹೋಗ್ತಿತ್ತು. ರೊಕ್ಕದ ಆಸೆಗೆ ಅವಸರ ಮಾಡೋರು ಹೆಚ್ಚಿಗೆ ಯಾಕೆ ತುಂಬ್ತಾರೆ? ಅಲ್ಲಿಗೆ ನನ್ನ ಥಿಯರಿ ಅರ್ಧ ಬಿದ್ದುಹೋಯ್ತು.

ಚಿಗವ್ವನ ಮನೆಗೆ ಹೋದೆ. ಪ್ಯಾಕೆಟ್ ಸೋರಿದ ವಿಷಯ ಎತ್ತದೆ, "ಚಿಗವ್ವಾ, ತೂಕ ಸ್ವಲ್ಪ ಜಾಸ್ತಿ ಬರಾಕತ್ತೇತಲ್ಲ?" ಅಂದೆ.

"ಕೊಸರು ಹಾಕ್ಲಾರದ ಕೊಡ್ತಾರೇನೋ ತಮ್ಮಾ? ಬರೋಬ್ಬರಿ ಅಳದು ಕೊಟ್ರ ಮಂದಿ ಜಿಪುಣ್ರು ಅಂತಾರ" ಅಂದಳು. ಸಂತೆಯಲ್ಲಿ ಕಾಯಿಪಲ್ಲೆ ತಗೊಂಡ್ರೂ ಕೊಸರು ಕೇಳಿ ಬೆಳೆದ ಕೈ. ಅವಳ ಪ್ರಕಾರ ಅದು ನಮ್ಮ ಮನೆ ಮರ್ಯಾದೆ. ಆ ಮರ್ಯಾದೆಯೇ ಪೌಚಿನ ಬಾಯಿವರೆಗೆ ಬಂದು ಕೂತಿತ್ತು.

ಸಂಜೆ ಹೆಂಗೋ ಒಪ್ಪಿಸಿ ಕರ್ಕೊಂಡು ಬಂದೆ. "ನೀ ದಿನಾ ಮಾಡೋಹಂಗ ಮಾಡು, ನಾ ಬರೇ ನೋಡ್ತೀನಿ" ಅಂತ ಹೇಳಿ ಪಕ್ಕದಲ್ಲಿ ಕೂತೆ. ನಮ್ಮದು ಕೈಯಿಂದ ಒತ್ತುವ ಎಂಟು ಇಂಚಿನ ಸೀಲಿಂಗ್ ಮಷಿನ್. ಲಿವರ್ ಒತ್ತಿದಾಗ ಮಾತ್ರ ಒಳಗಿನ ನೈಕ್ರೋಮ್ ಪಟ್ಟಿಯಲ್ಲಿ ಕರೆಂಟ್ ಹರೀತದೆ, ಕೆಂಪು ದೀಪ ಹತ್ತಿ ಆರ್ತದೆ. ಚಿಗವ್ವ ದೀಪ ಆರಿದ ಕೂಡಲೇ ಲಿವರ್ ಎತ್ತುತ್ತಿದ್ದಳು. ಅವಳಿಗೆ ದೀಪ ಆರೋದು ಅಂದ್ರೆ ಕೆಲಸ ಮುಗೀತು ಅಂತ ಅರ್ಥ. ಬೇರೆ ಯಾರಿಗಾದ್ರೂ ಹಾಗೇ ಅನಿಸ್ತದೆ.

ಆದರೆ ದೀಪ ಆರಿದಾಗ ಮುಗಿದಿರೋದು ಬಿಸಿ ಮಾತ್ರ. ಪೌಚಿನ ಒಳಪದರದ ಪ್ಲಾಸ್ಟಿಕ್ ಆಗ ಇನ್ನೂ ಕರಗಿದ ಸ್ಥಿತಿಯಲ್ಲೇ ಇರ್ತದೆ. ಒತ್ತಡದಲ್ಲೇ ಒಂದೆರಡು ಸೆಕೆಂಡ್ ತಣಿದರೆ ಎರಡೂ ಪದರ ಗಟ್ಟಿಯಾಗಿ ಕೂಡ್ತವೆ. ಅದಕ್ಕೆ ಮುಂಚೆ ಎತ್ತಿದರೆ ಒಳಗಿನ ಗಾಳಿ, ಪುಡಿಯ ಭಾರ ಸೇರಿ ಆ ಮೆತ್ತನೆಯ ಸೀಲನ್ನ ಅಲ್ಲಲ್ಲಿ ಬಿಡಿಸಿಬಿಡ್ತವೆ. ನಾನು ಸೀಲ್ ಹಾಕ್ತಿದ್ದಾಗ ದೀಪ ಆರಿದ ಮೇಲೂ ಒಂದು, ಎರಡು ಅಂತ ಮನಸ್ಸಿನಲ್ಲೇ ಎಣಿಸಿ ಎತ್ತುತ್ತಿದ್ದೆ. ಅದು ಎಷ್ಟು ರೂಢಿಯಾಗಿತ್ತೆಂದರೆ, ಚಿಗವ್ವನಿಗೆ ಕೆಲಸ ತೋರಿಸಿದ ದಿನ ಹೇಳಬೇಕು ಅಂತ ಹೊಳೆಯಲೇ ಇಲ್ಲ. ಹಾಗೇ ತುಂಬುವ ಮೊದಲು ಪೌಚಿನ ಬಾಯನ್ನ ಅಂಗಿ ತೋಳು ಮಡಚಿದ ಹಾಗೆ ಒಂದು ಇಂಚು ಹೊರಗೆ ಮಡಚ್ತಿದ್ದೆ. ಪುಡಿ ಏನೇ ತಾಗಿದರೂ ಮಡಿಕೆಯ ಹೊರಗೆ ತಾಗ್ತದೆ, ಬಿಡಿಸಿದಾಗ ಸೀಲ್ ಬೀಳುವ ಜಾಗ ಸ್ವಚ್ಛ ಇರ್ತದೆ. ಅದನ್ನೂ ಹೇಳಿರಲಿಲ್ಲ.

ಶೇಂಗಾದಲ್ಲಿ ತೂಕದ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ. ಕುಟ್ಟಿದರೆ ಅದು ಪುಡಿಯ ಮೈಮೇಲೆ ಬಂದಿರ್ತದೆ. ಅಂಥ ಪುಡಿ ಸೀಲಿನ ನಡುವೆ ಸಿಕ್ಕರೆ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಾಗೋದೇ ಇಲ್ಲ. ಸೋರಿದ ಒಂದು ಪ್ಯಾಕೆಟ್ಟಿನ ಸೀಲನ್ನ ಚಿಗವ್ವನೇ ಉಗುರಿನಿಂದ ಬಿಡಿಸಿದಳು. ಒಳಗೆ ಸಣ್ಣ ಕೆಂಪು ಗೆರೆ. ನೋಡಿ ಸುಮ್ಮನಾದಳು.

ಇಂಜಿನಿಯರಿಂಗ್ ಓದೋ ಹುಡುಗ ಅಂದಮೇಲೆ ಪ್ರಯೋಗ ಮಾಡದೆ ಇರೋಕಾಗ್ತದಾ? ಹತ್ತತ್ತು ಪ್ಯಾಕೆಟ್ಟಿನ ನಾಲ್ಕು ಗುಂಪು ಮಾಡಿದ್ವಿ. ಕೊಸರೂ ಇದೆ, ಬೇಗನೂ ಎತ್ತಿದ್ದು: ನಾಲ್ಕು ಸೋರಿದವು. ಕೊಸರಿಲ್ಲ, ಬೇಗ ಎತ್ತಿದ್ದು: ಎರಡು. ಕೊಸರಿದೆ, ಎರಡು ಎಣಿಸಿ ಎತ್ತಿದ್ದು: ಒಂದು. ಕೊಸರಿಲ್ಲದೆ, ಬಾಯಿ ಮಡಚಿ, ಎರಡು ಎಣಿಸಿ ಎತ್ತಿದ್ದು: ಸೊನ್ನೆ. ಹತ್ತು ಬಹಳ ಸಣ್ಣ ಸಂಖ್ಯೆ, ನಮ್ಮ ಪ್ರೊಬಾಬಿಲಿಟಿ ಮೇಡಂ ಒಪ್ಪಲ್ಲ. ಆದರೆ ಅವ್ವ ಒಪ್ಪಿದಳು, ನನಗೆ ಅದು ಸಾಕಿತ್ತು.

ಇನ್ನೊಂದು ಸಂಗತಿ ಆವತ್ತೇ ಗೊತ್ತಾಯ್ತು. ಸುಮಾರು ಮೂವತ್ತು ಪ್ಯಾಕೆಟ್ ಬಿಡುವಿಲ್ಲದೆ ಹಾಕಿದ ಮೇಲೆ ಮಷಿನ್ನೇ ಕಾದಿರ್ತದೆ. ಅದೇ ಡಯಲ್ ನಂಬರಿನಲ್ಲಿ ಈಗ ಸೀಲ್ ಸುಕ್ಕಾಗಿ, ತೆಳ್ಳಗಾಗಿ ಸುಡ್ತದೆ. ಡಯಲ್ ಒಂದು ಅಂಕಿ ಇಳಿಸಬೇಕು, ಇಲ್ಲಾ ಹತ್ತು ನಿಮಿಷ ಬಿಡಬೇಕು. ದಿನಕ್ಕೆ ಐದು ಪ್ಯಾಕೆಟ್ ಮಾಡ್ತಿದ್ದ ನನಗೆ ಇದು ಯಾವತ್ತೂ ಕಾಣಿಸಿರಲಿಲ್ಲ. ಚಿಗವ್ವ ಮಾತ್ರ "ಕಡೀಕ ಕಡೀಕ ಸುಟ್ಟ ವಾಸನಿ ಬರ್ತೈತಿ ಅಂತ ನಿಮ್ಮವ್ವಗ ಹೇಳೀನಿ" ಅಂದಳು. ಅವ್ವ ಅತ್ತ ನೋಡಿದಳು.

"ಎರಡು ಎಣಸ್ಬೇಕು ಅಂತ ಮೊದ್ಲ ಯಾಕ ಹೇಳ್ಲಿಲ್ಲೋ?" ಅಂತ ಚಿಗವ್ವ ನನ್ನ ಕೇಳಿದಳು. ತಪ್ಪಾಯ್ತು ಚಿಗವ್ವಾ ಅಂದೆ. ಅವ್ವ ಏನೂ ಅನ್ನಲಿಲ್ಲ. ಒಳಗೆ ಹೋಗಿ ಮೂರು ಕಪ್ ಚಹಾ ತಂದಳು, ಮೊದಲನೇದು ಚಿಗವ್ವನ ಮುಂದೆ ಇಟ್ಟಳು.

ಸಂಬಳದ ಲೆಕ್ಕ ಬದಲಿಸಬೇಕಾಯ್ತು. ಪ್ಯಾಕೆಟ್ಟಿಗೆ ಎರಡು ರೂಪಾಯಿ ಅಂದಾಗ, ಆ ಎರಡು ಸೆಕೆಂಡ್ ನಿಲ್ಲೋದು, ಬಾಯಿ ಮಡಚೋದು, ಮಷಿನ್ ಆರೋವರೆಗೆ ಕಾಯೋದು, ಎಲ್ಲಾ ಅವಳ ಜೇಬಿನಿಂದ ಹೋಗ್ತಿತ್ತು. ಈಗ ತಾಸಿಗೆ ಅರವತ್ತು. ಮಷಿನ್ ತಣಿಯುವಾಗ ಅವಳು ಡಬ್ಬಿ ಕಟ್ಟಿ, ಲೇಬಲ್ ಹಚ್ತಾಳೆ. ನನ್ನ ಇಂಗ್ಲಿಷ್ ಲೇಬಲ್ ಅವಳಿಗೆ ಓದೋಕೆ ಬರ್ತಿರಲಿಲ್ಲ, ಅದಕ್ಕೆ ಅಗಸಿಗೂ ಗುರೆಳ್ಳಿಗೂ ಬೇರೆ ಬೇರೆ ಬಣ್ಣದ ಚುಕ್ಕಿ ಅಂಟಿಸಿ, ಆರ್ಡರ್ ಪಟ್ಟಿಯನ್ನ ಕನ್ನಡದಲ್ಲಿ ಬರೆದೆ. ಅದರಲ್ಲಿ ನಾಲ್ಕು ಕಾಗುಣಿತ ತಪ್ಪು ಅವಳೇ ಹಿಡಿದಳು. ಕಾನ್ವೆಂಟ್ ಫೀಸ್ ವಾಪಸ್ ಕೇಳ್ಬೇಕು ಅಂತ ಅಪ್ಪನ ಜೋಕು.

ಡಬ್ಬಿ ಮುಚ್ಚಿದ ಮೇಲೆ ಒಟ್ಟು ತೂಕ ನೋಡಿ ಶೀಟಿನ ಲೆಕ್ಕಕ್ಕೆ ಹೋಲಿಸ್ತಾರೆ. ಪ್ಯಾಕೆಟ್ ಎಷ್ಟು ಅನ್ನೋದು B2, ಖಾಲಿ ಡಬ್ಬಿಯ ತೂಕ C2:

```
=B2*259+C2
```

ಒಂದು ಪ್ಯಾಕೆಟ್ ಮರೆತಿದ್ದರೆ ಇದರಲ್ಲಿ ತಕ್ಷಣ ಸಿಗ್ತದೆ. ಶೇಂಗಾ ಬದಲು ಅಗಸಿ ಹೋಗಿದ್ದರೆ ಸಿಗಲ್ಲ, ಅದಕ್ಕೆ ಚುಕ್ಕಿಯೇ ಗತಿ.

ಬಗೆಹರಿಯದೇ ಇರೋದೂ ಇದೆ. ಭತ್ತದ ನಾಟಿ ಶುರುವಾದರೆ ಚಿಗವ್ವ ಗದ್ದೆಗೆ ಹೋಗ್ತಾಳೆ, ಅಲ್ಲಿ ಇಡೀ ದಿನದ ಕೂಲಿ ಸಿಗ್ತದೆ. ನಮ್ಮ ಎರಡು ತಾಸಿನ ನೂರಿಪ್ಪತ್ತು ರೂಪಾಯಿಗೆ ಅದನ್ನ ಬಿಡು ಅನ್ನೋ ಮುಖ ನಮಗಿಲ್ಲ. ಆ ದಿನಗಳಲ್ಲಿ ಸೋಮವಾರ, ಗುರುವಾರ ಮಾತ್ರ ಪಾರ್ಸೆಲ್ ಅಂತ ಗಿರಾಕಿಗಳಿಗೆ ಮೊದಲೇ ಹೇಳ್ತೀವಿ. ಕೆಲವರು ಆರ್ಡರ್ ಬಿಡ್ತಾರೆ.

ಕೊಸರಿನ ವಿಷಯದಲ್ಲಿ ಮಾತ್ರ ಚಿಗವ್ವ ಸೋಲಲಿಲ್ಲ. ನಾನು ಹಾಸ್ಟೆಲಿಗೆ ವಾಪಸ್ ಬಂದ ವಾರ ಫೋನ್ ಮಾಡಿ, "ಪ್ಯಾಕೆಟಿನಾಗ ಹಾಕಬ್ಯಾಡ ಅಂದಿ, ಹಾಕಂಗಿಲ್ಲ. ಡಬ್ಯಾಗ ಬ್ಯಾರೆ ಸಣ್ಣ ಚೀಟಿ ಇಡ್ತೀನಿ, ಹತ್ತು ಗ್ರಾಂ ಗುರೆಳ್ಳ ಚಟ್ನಿ. ನಿಮ್ಮವ್ವ ಹ್ಞೂಂ ಅಂದಾಳ" ಅಂದಳು. ಎಷ್ಟು ಪ್ಯಾಕೆಟ್ ತಗೊಂಡರೂ ಡಬ್ಬಿಗೆ ಒಂದೇ. ಸಣ್ಣ ಪೌಚ್ ಸೇರಿ 12 ಗ್ರಾಂ ಬರ್ತದಂತೆ, ತೂಗಿ ನೋಡಿದ್ದಾಳೆ. ಲೈಬ್ರರಿಯಲ್ಲಿ ಕೂತೇ ಶೀಟ್ ತೆಗೆದು ಬದಲಿಸಿದೆ:

```
=B2*259+C2+12
```