ಹಲ್ಲು ನೋಡದೆ ಎತ್ತು ಕೊಳ್ಳುವುದೇ?

ಮುಡುಕುತೊರೆಯ ದನಗಳ ಜಾತ್ರೆಯಲ್ಲಿ ಹಲ್ಲು ನೋಡದೆ ಎತ್ತು ಕೊಂಡ ರೈತ ನಮ್ಮ ಮಳವಳ್ಳಿ ಸೀಮೆಯಲ್ಲಿ ಸಿಗಲಾರ. ಅದೇ ರೈತ ಮಗಳ ಪಿಯುಸಿ ಮುಗಿದ ಮೇಲೆ ಮಂಡ್ಯದ ಕೆರಿಯರ್ ಕೌನ್ಸೆಲರ್ ಮುಂದೆ ಕೂತರೆ ಬಾಯಿಂದ ಬರುವುದು ಒಂದೇ ಪ್ರಶ್ನೆ: 'ಫೀಸ್ ಎಷ್ಟು ಸಾ?' ಗೋಡೆ ತುಂಬ ಸೀಟು ಗಿಟ್ಟಿಸಿದ ಮಕ್ಕಳ ಫೋಟೊಗಳಿರುತ್ತವೆ. ಆ ಸೀಟು ಯಾರ ಸಲಹೆಯಿಂದ ಬಂತು, ಯಾರ ರ್‍ಯಾಂಕಿನಿಂದ ಬಂತು ಎಂಬುದನ್ನು ಫೋಟೊ ಹೇಳುವುದಿಲ್ಲ.

ಹಾಗಾಗಿ ಮಗಳನ್ನು ಅಂಥ ಒಬ್ಬ ಕೌನ್ಸೆಲರ್ ಬಳಿ ಕರೆದೊಯ್ಯಲು ಹೊರಟ ಅಕ್ಕ ಮದ್ದೂರಿಗೆ ಬಂದು, 'ನೀನೂ ಬಾರೋ, ಏನ್ ಕೇಳ್ಬೇಕೋ ಕೇಳು' ಎಂದಾಗ, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನೇ ಕಟ್ಟಿಕೊಂಡು ಹೊರಟೆ. ಹಿಂದಿನ ವರ್ಷಗಳ ಕಟಾಫ್ ರ್‍ಯಾಂಕುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಬಿಟ್ಟಿಯಾಗಿಯೇ ಪ್ರಕಟಿಸುತ್ತದೆ. ಕಾಲೇಜುವಾರು, ಕೋಟಾವಾರು ಎಲ್ಲವೂ ಅಲ್ಲಿದೆ. ಅದನ್ನೇ ಮುದ್ರಿಸಿ ಮಾರುವವರಿಗೆ ದುಡ್ಡು ಕೊಡುವ ಅಗತ್ಯವಿಲ್ಲ.

ಮೊದಲನೆಯದು ಕೋಟಾ. 'ಹಳ್ಳಿ ಹುಡುಗಿ, ಗ್ರಾಮೀಣ ಕೋಟಾ ಸಿಕ್ಕೇ ಸಿಗುತ್ತೆ' ಎಂದರು ಕೌನ್ಸೆಲರ್. ಹುಡುಗಿ ಎಲ್ಲಿ ಓದಿದಳೆಂದು ಕೇಳಲೇ ಇಲ್ಲ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗಿನ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ನಮ್ಮ ಹುಡುಗಿ ಏಳನೆಯವರೆಗೆ ಊರಲ್ಲಿ, ಹೈಸ್ಕೂಲು ಮಳವಳ್ಳಿ ಪಟ್ಟಣದಲ್ಲಿ. ಆ ಕೋಟಾ ಅವಳಿಗಿಲ್ಲ. ಹತ್ತೂ ವರ್ಷ ಕನ್ನಡ ಮಾಧ್ಯಮವಾದ್ದರಿಂದ ಇನ್ನೊಂದು ಕೋಟಾ ಉಂಟು. 3A ಪ್ರವರ್ಗದ ಅವಳು ಕಟಾಫ್ ಪಟ್ಟಿಯಲ್ಲಿ ನೋಡಬೇಕಾದ್ದು 3AR ಅಲ್ಲ, 3AG ಮತ್ತು 3AK. ಆತ ತೋರಿಸುತ್ತಿದ್ದುದು 3AR.

ಎರಡನೆಯದು ಆಪ್ಷನ್ ಎಂಟ್ರಿ. 'ಪಿ.ಇ.ಎಸ್. ಕಾಲೇಜಿನ ಕಂಪ್ಯೂಟರ್ ಸೈನ್ಸ್ ಮೊದಲು ಬರೆದರೆ ಕೆಳಗಿನದು ಕೈತಪ್ಪುತ್ತದೆಯೇ?' ಎಂದೆ. 'ಮೊದಲ ಆಪ್ಷನ್ ವೇಸ್ಟ್ ಮಾಡ್ಬೇಡಿ' ಎಂಬ ಉತ್ತರ ಬಂತು. ಹಂಚಿಕೆ ನಡೆಯುವುದು ರ್‍ಯಾಂಕಿನ ಸರದಿಯಲ್ಲಿ. ಹುಡುಗಿಯ ಸರದಿ ಬಂದಾಗ ಅವಳ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಸಿಗುವ ಮೊದಲ ಸೀಟು ಕೊಡುತ್ತಾರೆ. ಸಿಗದ ಸೀಟನ್ನು ಮೇಲೆ ಬರೆದ ಮಾತ್ರಕ್ಕೆ ಕೆಳಗಿನದು ಹೋಗದು. ಅನುಮಾನವಿದ್ದವರು ಅಣಕು ಹಂಚಿಕೆಯ ಫಲಿತಾಂಶ ನೋಡಿ, ಆಮೇಲೂ ಪಟ್ಟಿ ತಿದ್ದಬಹುದು.

ಮೂರನೆಯದು ದುಡ್ಡಿನ ದಾರಿ. 'ನಾವು ಸೇರಿದರೆ ಕಾಲೇಜಿನಿಂದ ನಿಮಗೆ ಕಮಿಷನ್ ಉಂಟೇ?' ಆತ ನಕ್ಕು, ಬೆಂಗಳೂರಿನ ಒಂದು ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನ ಬ್ರೋಷರ್ ಮುಂದಿಟ್ಟರು. ಉತ್ತರ ಅಲ್ಲೇ ಇತ್ತು.

ಇಷ್ಟಾದರೂ ಕೌನ್ಸೆಲರುಗಳೇ ಬೇಡವೆನ್ನಲಾರೆ. ಹುಡುಗಿಗೆ ಎಂಜಿನಿಯರಿಂಗೋ, ವಿ.ಸಿ. ಫಾರಂನ ಕೃಷಿ ಪದವಿಯೋ ಎಂಬ ತೊಳಲಾಟವಿದ್ದರೆ, ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಒಂದು ಗಂಟೆ ಮಾತಾಡಿಸಬಲ್ಲವರಿಗೆ ಫೀಸು ಕೊಡಬಹುದು. ಬೆರಳಚ್ಚು ನೋಡಿ ಬುದ್ಧಿ ಅಳೆಯುತ್ತೇವೆನ್ನುವವರಿಗೆ ಬೇಡ, ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಎಷ್ಟು ಭೇಟಿ, ಕೊನೆಗೆ ಕೈಗೆ ಸಿಗುವುದೇನು ಎಂದು ಬರೆಸಿಕೊಂಡೇ ದುಡ್ಡು ಕೊಡಬೇಕು. ಅದನ್ನು ಬರೆದುಕೊಡಲು ಹಿಂಜರಿಯುವವರು ನಾವು ಏನು ಕೊಳ್ಳುತ್ತಿದ್ದೇವೆಂದು ತಿಳಿಯದಿರಲಿ ಎಂದೇ ಬಯಸುವವರು.